ಪ್ಯಾಲಡಿನ್ ಸುಳ್ಳು ಹೇಳಿದರೆ ಲಾಫುಲ್ ಗುಡ್ ಹೋಗುತ್ತಾ?

"ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ನನ್ನ ಪಾತ್ರ ಪ್ಯಾಲಡಿನ್, ಅಂದರೆ ಧರ್ಮಯೋಧ. ಸ್ವಭಾವ ಲಾಫುಲ್ ಗುಡ್, ಅಂದರೆ ಕಟ್ಟುಪಾಡಿಗೆ ನಿಲ್ಲುವ ಒಳ್ಳೆಯವನು. ಓಡಿಬಂದ ಗುಲಾಮನನ್ನು ಬಚ್ಚಿಟ್ಟು ಕಾವಲುಗಾರರಿಗೆ ಸುಳ್ಳು ಹೇಳಿದೆ. ಇನ್ನು ನೀನು ಕೇಯಾಟಿಕ್, ಕಟ್ಟುಪಾಡಿಲ್ಲದವನು ಅಂತಾರೆ ಆಟ ನಡೆಸುವ ನಮ್ಮ ಡಿಎಂ. ಸರಿನಾ?"

ನನಗೆ ಸರಿ ಅನ್ನಿಸುವುದಿಲ್ಲ. ತೊಡಕಿರುವುದು 'ಲಾಫುಲ್' ಅನ್ನುವ ಪದದಲ್ಲೇ. ಅದು ಊರಿನ ಕಾನೂನೋ, ಪಾತ್ರ ತಾನೇ ಹಾಕಿಕೊಂಡ ಕಟ್ಟುಪಾಡೋ? ಪಾತ್ರಗಳ ಸ್ವಭಾವವನ್ನು ಒಂಬತ್ತು ಮನೆಗಳಲ್ಲಿ ಹಂಚುವ ಆಟದ ಚಾರ್ಟ್ ಎರಡನ್ನೂ ಒಂದೇ ಮನೆಯಲ್ಲಿ ಕೂರಿಸುತ್ತದೆ. 1974ರ ಮೊದಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಲಾ, ನ್ಯೂಟ್ರಾಲಿಟಿ, ಕೇಯಾಸ್ ಅಂತ ಮೂರೇ ಇದ್ದವು. ಅಲ್ಲಿ ಅದು ಸ್ವಭಾವಕ್ಕಿಂತ ಹೆಚ್ಚಾಗಿ ಯಾವ ಪಕ್ಷದವರು ಅನ್ನುವ ಗುರುತು. ಒಂಬತ್ತು ಮನೆ ಆಮೇಲೆ ಬಂದವು.

ನೀವು ಆಡುತ್ತಿರುವುದು ಯಾವ ಎಡಿಷನ್? ಮೂರನೆಯದಾದರೆ ಪ್ಯಾಲಡಿನ್ ಕೋಡ್‌ನಲ್ಲಿ ಸುಳ್ಳು ಹೇಳಬಾರದು ಅಂತಲೂ ಇದೆ, ಕಷ್ಟದಲ್ಲಿರುವವರಿಗೆ ನೆರವಾಗಬೇಕು ಅಂತಲೂ ಇದೆ. ನಿಮ್ಮ ಸನ್ನಿವೇಶದಲ್ಲಿ ಎರಡೂ ಒಟ್ಟಿಗೆ ಉಳಿಯುವುದು ಕಷ್ಟ, ಅಲ್ವಾ? ಅದೇ ಕೋಡ್ ಗೌರವಿಸಲು ಹೇಳುವುದು ನ್ಯಾಯವಾದ ಅಧಿಕಾರವನ್ನು ಮಾತ್ರ. ಗುಲಾಮರನ್ನು ಇಟ್ಟುಕೊಳ್ಳುವ ದೊರೆಯದು ಅಂಥ ಅಧಿಕಾರವೇ ಅಂತ ಡಿಎಂ ಹತ್ತಿರ ಕೇಳಿ. ಸುಳ್ಳನ್ನು ತಪ್ಪು ಅಂತಲೇ ಎಣಿಸಿದರೂ ಪಾತ್ರ ಪ್ರಾಯಶ್ಚಿತ್ತ ಮಾಡಿಕೊಳ್ಳಲಿ. ಒಂದೇ ಕೆಲಸ ನೋಡಿ ಮನೆ ಬದಲಿಸುವುದು ಜಾಸ್ತಿಯಾಯಿತು.

ಐದನೆಯದಾದರೆ ಇನ್ನೂ ಸುಲಭ. ಅಲ್ಲಿ ಪ್ಯಾಲಡಿನ್‌ಗೆ ಲಾಫುಲ್ ಗುಡ್ ಕಡ್ಡಾಯವಲ್ಲ, ತೊಟ್ಟ ಪ್ರತಿಜ್ಞೆ ಮುಖ್ಯ. ಅದರ ಸಾಲುಗಳನ್ನು ಮುಂದಿಟ್ಟುಕೊಂಡು ಇಬ್ಬರೂ ಮಾತಾಡಿ.