ಶಿಕ್ಷಣ ಸಾಲದ ಬಡ್ಡಿ ಪ್ರಮಾಣಪತ್ರ: ಬ್ಯಾಂಕಿಗೆ ಏನೆಂದು ಬರೆದು ಕೇಳಬೇಕು?

ಪ್ರಶ್ನೆ: ಎಂ.ಟೆಕ್ ಓದಲು 2022ರ ಜುಲೈನಲ್ಲಿ ಎರಡೂವರೆ ಲಕ್ಷ, ಮರುವರ್ಷ ಜುಲೈನಲ್ಲಿ ಮತ್ತೆ ಎರಡೂವರೆ ಲಕ್ಷ ಶಿಕ್ಷಣ ಸಾಲ ಪಡೆದೆ. ಬಡ್ಡಿ ಶೇ 10.5. ಅಪ್ಪ ಸಹ-ಸಾಲಗಾರರು. 2025ರ ಜುಲೈನಿಂದ ಪ್ರತಿ ತಿಂಗಳ ಕೊನೆಯ ದಿನ ನನ್ನ ಸಂಬಳದ ಖಾತೆಯಿಂದ 10,643 ರೂ. ಇಎಂಐ ಕಟ್ ಆಗುತ್ತಿದೆ. ಹಳೆಯ ತೆರಿಗೆ ಪದ್ಧತಿಯಲ್ಲೇ ಇದ್ದೇನೆ. ಶಾಖೆಯಲ್ಲಿ ಬಡ್ಡಿ ಪ್ರಮಾಣಪತ್ರ ಕೇಳಿದರೆ ಖಾತೆಯ ಸ್ಟೇಟ್‌ಮೆಂಟ್ ಕೊಟ್ಟು ಕಳಿಸಿದರು. ಅದರಲ್ಲಿ 2025–26ರ ಬಡ್ಡಿ ಕೂಡಿಸಿದರೆ 61,190 ರೂ. ಬರುತ್ತದೆ. ಇದೇ ಅಂಕಿ ಹಾಕಿ ರಿಟರ್ನ್ ಸಲ್ಲಿಸಬಹುದೇ? ಬ್ಯಾಂಕಿಗೆ ಮತ್ತೆ ಪತ್ರ ಬರೆಯಬೇಕೇ?
— ಓದುಗರು, ಹುಬ್ಬಳ್ಳಿ

ಉತ್ತರ: 61,190 ಹಾಕಬೇಡಿ. ನಿಮ್ಮ ಲೆಕ್ಕಕ್ಕೆ ಬರುವುದು 48,065 ರೂಪಾಯಿ. ಬ್ಯಾಂಕಿಗೆ ಪತ್ರ ಬರೆಯಲೇಬೇಕು. ಆದರೆ ಬರೀ ‘ಬಡ್ಡಿ ಪ್ರಮಾಣಪತ್ರ ಕೊಡಿ’ ಎಂದು ಬರೆದರೆ ಮತ್ತೆ ಇದೇ ಗೊಂದಲದ ಅಂಕಿ ಮುದ್ರಣವಾಗಿ ಬಂದೀತು.

ಆದಾಯ ತೆರಿಗೆ ಕಾಯ್ದೆಯ 80ಇ ಕಲಂ ವಿನಾಯಿತಿ ಕೊಡುವುದು ಆ ವರ್ಷ ನೀವು ನಿಜವಾಗಿ ಕಟ್ಟಿದ ಬಡ್ಡಿಗೆ. ಬ್ಯಾಂಕ್ ನಿಮ್ಮ ಸಾಲದ ಖಾತೆಗೆ ಖರ್ಚು ಹಾಕಿದ ಬಡ್ಡಿಗೆ ಅಲ್ಲ. ಸ್ಟೇಟ್‌ಮೆಂಟ್‌ನಲ್ಲಿ ತಿಂಗಳ ಕೊನೆಗೆ ಕಾಣುವ ‘ಇಂಟರೆಸ್ಟ್ ಡೆಬಿಟ್’ ಸಾಲು ಎರಡನೆಯದು. ನೀವು ದುಡ್ಡು ಕಟ್ಟಿರಲಿ ಬಿಡಲಿ, ಆ ಸಾಲು ಬಂದೇ ಬರುತ್ತದೆ.

ನಿಮ್ಮ ವರ್ಷವನ್ನು ಎರಡು ತುಂಡು ಮಾಡಿ ನೋಡಿ. ಓದು ಮುಗಿದ ಮೇಲಿನ ಒಂದು ವರ್ಷದ ವಿರಾಮದ ಅವಧಿ 2025ರ ಜೂನ್‌ವರೆಗೆ ಇತ್ತು. ಏಪ್ರಿಲ್, ಮೇ, ಜೂನ್ ಮೂರೂ ತಿಂಗಳು ಐದು ಲಕ್ಷದ ಮೇಲೆ ತಿಂಗಳಿಗೆ 4,375 ರೂ.ನಂತೆ 13,125 ರೂ. ಬಡ್ಡಿ ಖಾತೆಗೆ ಬಿದ್ದಿದೆ, ನೀವು ಒಂದು ಪೈಸೆಯೂ ಕಟ್ಟಿಲ್ಲ. ಜುಲೈನಿಂದ ಮಾರ್ಚ್‌ವರೆಗೆ ಒಂಬತ್ತು ಇಎಂಐ ಕಟ್ಟಿದ್ದೀರಿ, ಒಟ್ಟು 95,787 ರೂ. ಇದರಲ್ಲಿ ಬಡ್ಡಿಗೆ ಸಂದದ್ದು ಸುಮಾರು 48,065, ಅಸಲಿಗೆ ಸಂದದ್ದು ಉಳಿದ 47,722. ಪೂರ್ತಿ ಕಟ್ಟಿದ ಈ 48,065ಕ್ಕೆ ಕಟ್ಟದ ಆ 13,125 ಕೂಡಿಸಿದ್ದರಿಂದಲೇ 61,190 ಆಗಿದೆ.

ಮಾರ್ಚ್ ತಿಂಗಳ ಕಂತಿನ ತಾರೀಖನ್ನೂ ಒಮ್ಮೆ ನೋಡಿಕೊಳ್ಳಿ. ಖಾತೆಯಲ್ಲಿ ಹಣ ಸಾಲದೆ ಆ ಕಂತು ಏಪ್ರಿಲ್ 2ಕ್ಕೆ ಕಟ್ ಆಗಿದ್ದರೆ, ಅದರೊಳಗಿನ 5,154 ರೂ. ಬಡ್ಡಿ ಮುಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತದೆ. ಆಗ ಈ ವರ್ಷದ್ದು 42,911 ಮಾತ್ರ. ಇಎಂಐ ತಾರೀಖು 5 ಅಥವಾ 10 ಇರುವವರಿಗೆ ಇದು ಪ್ರತಿ ವರ್ಷದ ಕಥೆ: ಮಾರ್ಚ್ 31ಕ್ಕೆ ಖರ್ಚು ಬಿದ್ದ ಬಡ್ಡಿಯನ್ನು ಅವರು ಕಟ್ಟುವುದೇ ಏಪ್ರಿಲ್‌ನಲ್ಲಿ.

ನಿಮಗೆ ಬೇಸರ ತರಿಸುವ ಇನ್ನೊಂದು ವಿಷಯವಿದೆ. ಓದುವಾಗಿನ ಎರಡು ವರ್ಷ ಮತ್ತು ವಿರಾಮದ ಒಂದು ವರ್ಷ ಸೇರಿ ನಿಮ್ಮ ಸಾಲದ ಮೇಲೆ ಸರಳ ಬಡ್ಡಿಯ ಲೆಕ್ಕದಲ್ಲಿ 1,31,250 ರೂ. ಬೆಳೆದಿತ್ತು. 10,643ರ ಇಎಂಐಯನ್ನು ಹಿಮ್ಮುಖವಾಗಿ ಲೆಕ್ಕ ಹಾಕಿದರೆ ಬ್ಯಾಂಕ್ 6,31,250 ರೂ.ಗೆ 84 ಕಂತು ನಿಗದಿ ಮಾಡಿದೆ ಎಂದು ಗೊತ್ತಾಗುತ್ತದೆ. ಅಂದರೆ ಕೂಡಿದ ಬಡ್ಡಿಯನ್ನೆಲ್ಲ ಅಸಲಿಗೆ ಸೇರಿಸಿದ್ದಾರೆ. ಇನ್ನು ಮುಂದೆ ನೀವು ತೀರಿಸುವ ಆ 1,31,250 ಬ್ಯಾಂಕಿನ ಪುಸ್ತಕದಲ್ಲಿ ಅಸಲು, ಪ್ರಮಾಣಪತ್ರದಲ್ಲಿ ಬಡ್ಡಿಯಾಗಿ ಕಾಣುವುದೇ ಇಲ್ಲ. ಪತ್ರದಲ್ಲಿ ಕಾಣದ್ದನ್ನು ರಿಟರ್ನ್‌ನಲ್ಲಿ ಕೇಳಿ ನೋಟಿಸ್ ಬಂದಾಗ ವಾದಿಸುವುದಕ್ಕಿಂತ ಬಿಟ್ಟುಬಿಡುವುದೇ ಮೇಲು ಎನ್ನುವುದು ನಮ್ಮ ಅಭಿಪ್ರಾಯ. ಇನ್ನೂ ಇಎಂಐ ಶುರುವಾಗದ ಓದುಗರು ಮಾತ್ರ ಇದನ್ನು ಗಮನಿಸಬೇಕು. ಆಗಲೇ ತೆರಿಗೆ ಬೀಳುವಷ್ಟು ಸಂಬಳ ಇದ್ದರೆ, ಅಸಲಿಗೆ ಸೇರುವ ಮೊದಲೇ ಕೂಡಿದ ಬಡ್ಡಿಯನ್ನು ಆದಷ್ಟು ಕಟ್ಟಿ, ‘ಬಡ್ಡಿಯ ಬಾಬ್ತು’ ಎಂದು ರಸೀದಿ ಪಡೆಯಿರಿ. 80ಇ ಅಡಿ ಗರಿಷ್ಠ ಮಿತಿ ಇಲ್ಲ, ಒಂದೇ ವರ್ಷ ಲಕ್ಷ ರೂಪಾಯಿ ಬಡ್ಡಿ ಕಟ್ಟಿದರೆ ಅಷ್ಟಕ್ಕೂ ವಿನಾಯಿತಿ ಇದೆ.

ಈಗ ಪತ್ರ. ಸಾಲದ ಖಾತೆ ಇರುವ ಶಾಖೆಗೇ ಬರೆಯಿರಿ, ಸಂಬಳದ ಖಾತೆ ಇರುವ ಶಾಖೆಗಲ್ಲ. ಅದಕ್ಕೂ ಮೊದಲು ಬ್ಯಾಂಕಿನ ನೆಟ್‌ಬ್ಯಾಂಕಿಂಗ್‌ನಲ್ಲಿ ಸಾಲದ ಖಾತೆಯ ಭಾಗ ತೆರೆದು ನೋಡಿ, ಹಲವು ಬ್ಯಾಂಕ್‌ಗಳಲ್ಲಿ ಪ್ರಮಾಣಪತ್ರ ಅಲ್ಲೇ ಇಳಿಸಿಕೊಳ್ಳಲು ಸಿಗುತ್ತದೆ. ಸಿಕ್ಕರೆ ಅದು ‘ಪ್ರಾವಿಷನಲ್’ ಹೌದೋ ಅಲ್ಲವೋ ಪರೀಕ್ಷಿಸಿ. ಪ್ರಾವಿಷನಲ್ ಎಂದರೆ ವರ್ಷದ ನಡುವೆ, ಮುಂದಿನ ಕಂತುಗಳೆಲ್ಲ ಸಮಯಕ್ಕೆ ಬರುತ್ತವೆ ಎಂದು ಊಹಿಸಿ ಹಾಕಿದ ಲೆಕ್ಕ. ಕಂಪನಿಯವರು ಸಂಬಳದಲ್ಲಿ ತೆರಿಗೆ ಮುರಿಯುವ ಮುಂಚೆ ಕೇಳಿದಾಗ ಅದನ್ನು ಕೊಡಬಹುದು, ರಿಟರ್ನ್‌ಗೆ ಏಪ್ರಿಲ್ 1ರ ನಂತರ ತೆಗೆದ ಅಂತಿಮ ಪ್ರತಿಯೇ ಬೇಕು.

ಪತ್ರ ಹೀಗಿರಲಿ:

“ಶಾಖಾ ವ್ಯವಸ್ಥಾಪಕರಿಗೆ,
ವಿಷಯ: ಶಿಕ್ಷಣ ಸಾಲಕ್ಕೆ ಪಾವತಿಸಿದ ಬಡ್ಡಿಯ ಅಂತಿಮ ಪ್ರಮಾಣಪತ್ರ.
ಮಾನ್ಯರೇ, ನನ್ನ ಶಿಕ್ಷಣ ಸಾಲದ ಖಾತೆ ಸಂಖ್ಯೆ ……, ಪ್ಯಾನ್ ……, ಸಹ-ಸಾಲಗಾರರ ಹೆಸರು ……. ಆದಾಯ ತೆರಿಗೆ ರಿಟರ್ನ್‌ನಲ್ಲಿ 80ಇ ಕಲಂ ಅಡಿ ವಿನಾಯಿತಿ ಪಡೆಯಲು 1-4-2025ರಿಂದ 31-3-2026ರವರೆಗಿನ ಪ್ರಮಾಣಪತ್ರ ಬೇಕಾಗಿದೆ. ಅದರಲ್ಲಿ ಖಾತೆಗೆ ಖರ್ಚು ಹಾಕಿದ ಬಡ್ಡಿಯನ್ನೂ ನನ್ನಿಂದ ವಸೂಲಾದ ಬಡ್ಡಿಯನ್ನೂ ಬೇರೆ ಬೇರೆಯಾಗಿ ತೋರಿಸಬೇಕೆಂದು ಕೋರುತ್ತೇನೆ. ಜೊತೆಗೆ ವಸೂಲಾದ ಅಸಲು, ಸಾಲ ಮಂಜೂರಾದ ದಿನಾಂಕ, ಮಂಜೂರಾದ ಒಟ್ಟು ಮೊತ್ತ ಮತ್ತು 31-3-2026ಕ್ಕೆ ಉಳಿದ ಬಾಕಿಯನ್ನು ನಮೂದಿಸಿ, ಸಾಲವು ಉನ್ನತ ಶಿಕ್ಷಣಕ್ಕಾಗಿ ಕೊಟ್ಟದ್ದು ಎಂದು ತಿಳಿಸಿ, ಸಹಿ ಮತ್ತು ಮೊಹರಿನೊಂದಿಗೆ ಕೊಡಬೇಕಾಗಿ ವಿನಂತಿ.
ತಮ್ಮ ವಿಶ್ವಾಸಿ”

ಮಂಜೂರಾತಿ ದಿನಾಂಕ, ಬಾಕಿ ಇವೆಲ್ಲ ಏಕೆ ಎಂದರೆ, ಈಗಿನ ರಿಟರ್ನ್ ನಮೂನೆಯಲ್ಲಿ 80ಇ ಎದುರು ಬರೀ ಮೊತ್ತ ತುಂಬಿದರೆ ಸಾಲದು. ಸಾಲ ಕೊಟ್ಟ ಬ್ಯಾಂಕಿನ ಹೆಸರು, ಸಾಲದ ಖಾತೆ ಸಂಖ್ಯೆ, ಮಂಜೂರಾದ ದಿನ, ಒಟ್ಟು ಸಾಲ, ಹಣಕಾಸು ವರ್ಷದ ಕೊನೆಯ ದಿನದ ಬಾಕಿ, ಬಡ್ಡಿ ಎಲ್ಲವನ್ನೂ ಕೇಳುತ್ತದೆ. ಪ್ರಮಾಣಪತ್ರವನ್ನು ರಿಟರ್ನ್ ಜೊತೆ ಲಗತ್ತಿಸುವಂತಿಲ್ಲ, ಇಲಾಖೆ ಕೇಳಿದ ದಿನ ತೋರಿಸಲು ನಿಮ್ಮ ಬಳಿ ಇರಬೇಕು.

ಪತ್ರದ ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕದೊಂದಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ, ಅಲ್ಲೇ ನಿಂತು ಒಂದು ಲೆಕ್ಕ ಮಾಡಿ: ವಸೂಲಾದ ಬಡ್ಡಿ ಮತ್ತು ಅಸಲು ಕೂಡಿದರೆ ನಿಮ್ಮ ಸಂಬಳದ ಖಾತೆಯಿಂದ ಆ ವರ್ಷ ಹೋದ 95,787 ಬರಬೇಕು. ಅದಕ್ಕಿಂತ ಹೆಚ್ಚು ಬಂದರೆ ಕಟ್ಟದ ಬಡ್ಡಿಯೂ ಒಳಗೆ ಸೇರಿಕೊಂಡಿದೆ ಎಂದೇ ಅರ್ಥ. ಓದುವ ಅವಧಿಯ ಬಡ್ಡಿಗೆ ಸರ್ಕಾರದ ಸಹಾಯಧನ ಬಂದಿರುವವರು ಆ ಮೊತ್ತವನ್ನೂ ಕಳೆಯಬೇಕು, ಅದನ್ನು ಕಟ್ಟಿದ್ದು ಸರ್ಕಾರ.

ಪ್ರಮಾಣಪತ್ರದಲ್ಲಿ ಅಪ್ಪನ ಹೆಸರೂ ಬಂದರೆ ಗಾಬರಿ ಬೇಡ. ಸಾಲಪತ್ರದಲ್ಲಿ ಹೆಸರಿದ್ದು, ತನ್ನ ತೆರಿಗೆ ಬೀಳುವ ಆದಾಯದಿಂದ ಕಟ್ಟಿದವರಿಗೆ ವಿನಾಯಿತಿ. ಕಂತು ನಿಮ್ಮ ಸಂಬಳದ ಖಾತೆಯಿಂದಲೇ ಹೋಗುತ್ತಿರುವುದರಿಂದ ಪೂರ್ತಿ ನಿಮ್ಮದು. ಅಪ್ಪ ನಡುವೆ ಎರಡು ಕಂತು ಕಟ್ಟಿದ್ದರೆ ಆ ಎರಡರ ಬಡ್ಡಿ ಅವರ ಪಾಲಿಗೆ. ಒಂದೇ ಬಡ್ಡಿಯನ್ನು ಇಬ್ಬರೂ ತೋರಿಸಬಾರದು, ಅಷ್ಟೇ.

ಶಾಖೆಯವರು ಸತಾಯಿಸಿದರೆ ಬ್ಯಾಂಕಿನ ವೆಬ್‌ಸೈಟಿನಲ್ಲಿರುವ ಕುಂದುಕೊರತೆ ವಿಭಾಗಕ್ಕೆ ಸ್ವೀಕೃತಿಯ ಪ್ರತಿಯೊಂದಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಶುಲ್ಕವಿಲ್ಲ. ಶಾಖೆಯನ್ನು ಬಿಟ್ಟು ನೇರ ಅಲ್ಲಿಗೆ ಹೋದರೆ ದೂರು ವಾಪಸ್ ಬರುತ್ತದೆ.

ಆದರೆ ಬ್ಯಾಂಕಿನ ಕಾಗದಕ್ಕಾಗಿ ಕಾಯುತ್ತಾ ರಿಟರ್ನ್‌ನ ಗಡುವು ಮೀರಿಸಬೇಡಿ. ಸಂಬಳದಾರರಿಗೆ ಅದು ಸಾಮಾನ್ಯವಾಗಿ ಜುಲೈ 31. ಹಳೆಯ ಪದ್ಧತಿಯನ್ನು ಆಯ್ಕೆ ಮಾಡಲು ಅವಕಾಶವಿರುವುದು ಗಡುವಿನೊಳಗೆ ಸಲ್ಲಿಸಿದ ರಿಟರ್ನ್‌ನಲ್ಲಿ ಮಾತ್ರ. ತಡವಾದರೆ ಹೊಸ ಪದ್ಧತಿಯೇ ಗತಿ, ಅಲ್ಲಿ 80ಇ ಇಲ್ಲ. ಗಡುವಿನೊಳಗೆ ಪ್ರಮಾಣಪತ್ರ ಸಿಗದಿದ್ದರೆ ಸ್ಟೇಟ್‌ಮೆಂಟ್ ಆಧರಿಸಿ ಮೇಲಿನ ರೀತಿ ಲೆಕ್ಕ ಹಾಕಿ ಸಲ್ಲಿಸಿ, ಪ್ರಮಾಣಪತ್ರದ ಅಂಕಿ ಬೇರೆ ಬಂದರೆ ಪರಿಷ್ಕೃತ ರಿಟರ್ನ್ ಹಾಕಿ. ಕಂಪನಿಯವರು ಈ ವಿನಾಯಿತಿ ಪರಿಗಣಿಸದೆ ತೆರಿಗೆ ಮುರಿದಿದ್ದರೂ ರಿಟರ್ನ್‌ನಲ್ಲಿ ಕೇಳಿ ಮರುಪಾವತಿ ಪಡೆಯಬಹುದು.

ಹಳೆಯ ಪದ್ಧತಿ ಆಯ್ದುಕೊಳ್ಳುವಾಗ ಎರಡನ್ನೂ ತೂಗಿ ನೋಡಿದ್ದೀರೆಂದು ಭಾವಿಸುತ್ತೇವೆ. 2025–26ರಲ್ಲಿ ಹೊಸ ಪದ್ಧತಿಯಡಿ ವರ್ಷದ ಸಂಬಳ 12,75,000 ರೂ. ದಾಟದಿದ್ದರೆ ಮತ್ತು ಬೇರೆ ಆದಾಯ ಇಲ್ಲದಿದ್ದರೆ ತೆರಿಗೆಯೇ ಇಲ್ಲ. ನಿಮ್ಮ ಸಂಬಳ ಅಷ್ಟರೊಳಗಿದ್ದರೆ ಈ ವರ್ಷ ಬ್ಯಾಂಕಿಗೆ ಅಲೆಯುವ ಅಗತ್ಯವೇ ಬೀಳದು.

ಅಂದಹಾಗೆ, ವಿನಾಯಿತಿ ಸಿಗುವುದು ಬಡ್ಡಿ ಕಟ್ಟಲು ಶುರುಮಾಡಿದ ವರ್ಷದಿಂದ ಒಟ್ಟು ಎಂಟು ವರ್ಷ. ನೀವು ಶುರುಮಾಡಿದ್ದು 2025–26ರಲ್ಲಿ, 84ನೇ ಕಂತು 2032ರ ಜೂನ್‌ಗೆ ಬರುತ್ತದೆ. ಅದು ಎಂಟನೆಯ ಹಣಕಾಸು ವರ್ಷ, ಹಾಗಾಗಿ ನಿಮ್ಮ ಕೊನೆಯ ಕಂತಿನ ಬಡ್ಡಿಯೂ ಒಳಗೇ ಬೀಳುತ್ತದೆ. ಸಾಲವನ್ನು ಹತ್ತು ವರ್ಷಕ್ಕೆ ಹಿಗ್ಗಿಸಿಕೊಂಡರೆ ಕೊನೆಯ ವರ್ಷಗಳ ಬಡ್ಡಿಗೆ ಈ ಸೌಲಭ್ಯ ಇರುವುದಿಲ್ಲ.