72ರ ಲೆಕ್ಕ ಎಲ್ಲಿವರೆಗೆ ನಂಬಬಹುದು

"72ನ್ನ ಬಡ್ಡಿ ದರದಿಂದ ಭಾಗಿಸಿದ್ರೆ ದುಡ್ಡು ಎಷ್ಟು ವರ್ಷಕ್ಕೆ ಡಬಲ್ ಆಗತ್ತೆ ಅಂತ ಗೊತ್ತಾಗತ್ತಂತೆ. ಇದು ಎಷ್ಟು ಸರಿ? ನಮ್ಮೂರಲ್ಲಿ ಕೈಸಾಲ ನೂರಕ್ಕೆ ಎರಡು ರೂಪಾಯಿ ಬಡ್ಡಿ, ಅಂದ್ರೆ ವರ್ಷಕ್ಕೆ 24%. ಅದಕ್ಕೂ ಇದೇ ಲೆಕ್ಕ ಹಾಕಬಹುದಾ?"

6ರಿಂದ 10% ಒಳಗಿನ ದರ ಆದ್ರೆ ಧೈರ್ಯವಾಗಿ ನಂಬಿ, ಸುಮಾರು ಒಂದು ತಿಂಗಳು ಆಚೆ ಈಚೆ ಆಗಬಹುದು ಅಷ್ಟೆ. 24%ಗೆ ಮಾತ್ರ ಹಾಗೇ ಹಾಕಬೇಡಿ, ಅದರಲ್ಲೂ ಕೈಸಾಲಕ್ಕೆ ಹಾಕೋ ಮೊದಲು ಬಡ್ಡಿಯನ್ನ ಅಸಲಿಗೆ ಯಾವಾಗ ಸೇರಿಸ್ತಾರೆ ಅಂತ ಕೇಳ್ಕೊಳ್ಳಿ, ಯಾಕಂದ್ರೆ ಉತ್ತರ ಅದರ ಮೇಲೇ ನಿಂತಿರತ್ತೆ. ನಾನು ಸುಮಾರು ವರ್ಷ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೀತಿದ್ದೆ, ಈ ಪ್ರಶ್ನೆ ಕೌಂಟರ್‌ಗೆ ಬರ್ತಾನೇ ಇರ್ತಿತ್ತು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ಸರಿಯಾಗಿ ಕೂರೋ ಜಾಗ ನೋಡಿ. ಪೋಸ್ಟ್ ಆಫೀಸಿನ ಕಿಸಾನ್ ವಿಕಾಸ್ ಪತ್ರಕ್ಕೆ 2023ರ ಏಪ್ರಿಲ್‌ನಲ್ಲಿ ದರ 7.5% ಮಾಡಿದ್ರು, ಹಣ 115 ತಿಂಗಳಿಗೆ ಡಬಲ್ ಅಂತ ಸರ್ಕಾರಾನೇ ಹೇಳಿತು. ನೀವು 72ನ್ನ 7.5ರಿಂದ ಭಾಗಿಸಿ, 9.6 ವರ್ಷ ಬರತ್ತೆ, ತಿಂಗಳಿಗೆ ತಂದ್ರೆ 115.2. ಬಾಯಲ್ಲಿ ಹಾಕಿದ ಲೆಕ್ಕ ಇಷ್ಟು ಹತ್ತಿರ ಬರೋದು ನೋಡಿದಾಗ ನನಗೆ ಇವತ್ತಿಗೂ ಖುಷಿ ಆಗತ್ತೆ. ಈ ಲೆಕ್ಕ ಹೊಸದೇನಲ್ಲ, ಇಟಲಿಯ ಲೂಕಾ ಪಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗಣಿತದ ಪುಸ್ತಕದಲ್ಲೇ ಇದನ್ನ ಹೇಳಿದ್ದಾನೆ.

ಆದ್ರೆ 72 ಅನ್ನೋದು ಎಲ್ಲಾ ದರಕ್ಕೂ ಸೇರಿದ ಸಂಖ್ಯೆ ಅಲ್ಲ. ಬಡ್ಡಿ ಕ್ಷಣಕ್ಷಣಕ್ಕೂ ಅಸಲಿಗೆ ಸೇರ್ತಾ ಹೋದ್ರೆ ಬೇಕಾಗೋ ಸಂಖ್ಯೆ 69.3. ವರ್ಷಕ್ಕೆ ಒಂದೇ ಸಲ ಸೇರಿಸಿದ್ರೆ ಏನಾಗತ್ತೆ ಅಂದ್ರೆ, ಜನವರಿಯಲ್ಲಿ ಹುಟ್ಟಿದ ಬಡ್ಡಿ ಡಿಸೆಂಬರ್ ಮುಗಿಯೋವರೆಗೂ ಸುಮ್ನೆ ಕೂತಿರತ್ತೆ, ಅದಕ್ಕೆ ಬಡ್ಡಿ ಹುಟ್ಟಲ್ಲ. ಹಾಗೆ ಸುಮ್ನೆ ಕೂರೋ ದುಡ್ಡಿಂದಾಗಿ ಡಬಲ್ ಆಗೋದು ತಡ ಆಗತ್ತೆ, ಆ ತಡಕ್ಕೆ ಸರಿಯಾಗಿ ಭಾಗಿಸೋ ಸಂಖ್ಯೆನೂ ದೊಡ್ಡದಾಗಬೇಕು. ದರ 2% ಇದ್ರೆ ಕೂತಿರೋ ಬಡ್ಡಿ ಚಿಲ್ಲರೆ, 70 ಸಾಕು. 8%ಗೆ ಅದು ಸರಿಯಾಗಿ 72ರ ಹತ್ತಿರ ಬಂದು ನಿಲ್ಲತ್ತೆ. 24%ಗೆ 77 ದಾಟತ್ತೆ. 72ನ್ನೇ ಇಟ್ಕೊಂಡಿರೋದು 8% ಸುತ್ತಮುತ್ತ ಸರಿ ಬರತ್ತೆ ಅಂತ, ಜೊತೆಗೆ 2, 3, 4, 6, 8, 9, 12 ಎಲ್ಲದರಿಂದಲೂ ಶೇಷ ಇಲ್ಲದೆ ಭಾಗ ಹೋಗತ್ತೆ ಅಂತ.

ಈಗ ನಿಮ್ಮ 24%. 72ರ ಲೆಕ್ಕದಲ್ಲಿ 3 ವರ್ಷ. ವರ್ಷಕ್ಕೊಂದು ಸಲ ಚಕ್ರಬಡ್ಡಿ ಅಂತ ಇಟ್ಕೊಂಡು 1 ಲಕ್ಷವನ್ನ ನಡೆಸಿ ನೋಡಿ: ಮೊದಲ ವರ್ಷಕ್ಕೆ 1,24,000, ಎರಡನೇ ವರ್ಷಕ್ಕೆ 1,53,760, ಮೂರನೇ ವರ್ಷಕ್ಕೆ 1,90,662. ಇನ್ನೂ ಒಂಬತ್ತು ಸಾವಿರ ಚಿಲ್ಲರೆ ಕಮ್ಮಿ ಇದೆ. ನಿಜವಾಗಿ ಬೇಕಾಗೋದು 3.22 ವರ್ಷ, ಅಂದ್ರೆ ಸುಮಾರು ಎರಡೂವರೆ ತಿಂಗಳಿಗಿಂತ ಜಾಸ್ತಿ ತಪ್ಪು. ದರ ಇನ್ನೂ ಏರಿದ್ರೆ ತಪ್ಪೂ ಏರತ್ತೆ, ವರ್ಷಕ್ಕೆ 100% ಬೆಳೆಯೋದು ಒಂದು ವರ್ಷಕ್ಕೆ ಡಬಲ್ ಅಂತ ಮಗುನೂ ಹೇಳತ್ತೆ, 72ರ ಲೆಕ್ಕ ಮಾತ್ರ ಎಂಟೂವರೆ ತಿಂಗಳು ಅನ್ನತ್ತೆ.

ಇದನ್ನ ತಿದ್ದೋಕೆ ಒಂದು ಸುಲಭದ ದಾರಿ ಇದೆ, ಇದನ್ನ ಯಾಕೆ ಜಾಸ್ತಿ ಜನ ಹೇಳಿಕೊಡಲ್ಲ ಅಂತ ನನಗೆ ಬೇಜಾರು. ದರ 8ಕ್ಕಿಂತ ಎಷ್ಟು ಜಾಸ್ತಿ ಇದೆ ನೋಡಿ, ಅದನ್ನ 3ರಿಂದ ಭಾಗಿಸಿ, ಬಂದಿದ್ದನ್ನ 72ಕ್ಕೆ ಕೂಡಿ, ಆಮೇಲೆ ಯಥಾಪ್ರಕಾರ ದರದಿಂದ ಭಾಗಿಸಿ. 24ಕ್ಕೆ ವ್ಯತ್ಯಾಸ 16, ಮೂರರಲ್ಲಿ ಒಂದು ಭಾಗ 5.3, ಸೇರಿಸಿದ್ರೆ 77.3, 24ರಿಂದ ಭಾಗಿಸಿದ್ರೆ 3.22. ಸರಿಹೋಯ್ತು. ದರ 8ಕ್ಕಿಂತ ಕಮ್ಮಿ ಇದ್ರೆ ಹಾಗೇ ಕಳೀರಿ, 2%ಗೆ 72ರಲ್ಲಿ 2 ಕಳೆದು 70, ಅಂದ್ರೆ 35 ವರ್ಷ, ಅದೂ ಸರಿ.

ಆದ್ರೆ ಕೈಸಾಲದ ಬಡ್ಡಿ ವರ್ಷಕ್ಕೊಂದು ಸಲ ಅಲ್ವಲ್ಲ, ತಿಂಗಳ ಲೆಕ್ಕ. ಕೊಟ್ಟಿಲ್ಲ ಅಂದ್ರೆ ತಿಂಗಳು ತಿಂಗಳೂ ಅಸಲಿಗೆ ಸೇರಿಸೋರಾದ್ರೆ ದರವನ್ನ 24 ಅಂತ ತಗೋಬೇಡಿ, 2 ಅಂತಾನೇ ತಗೊಂಡು ವರ್ಷದ ಬದಲು ತಿಂಗಳು ಎಣಿಸಿ. ಮೇಲೆ 2%ಗೆ 35 ಬಂತಲ್ಲ, ಅದೇ ಇಲ್ಲಿ 35 ತಿಂಗಳು. ಸಾಲ ಕೊಟ್ಟೋರು ಬಡ್ಡಿ ಮೇಲೆ ಬಡ್ಡಿ ಹಾಕದೆ ಬರೀ ಸರಳ ಬಡ್ಡಿ ಬರ್ಕೊಳ್ಳೋರಾದ್ರೆ 72 ಕೆಲಸಕ್ಕೇ ಬರಲ್ಲ, 100ನ್ನ 2ರಿಂದ ಭಾಗಿಸಬೇಕು, 50 ತಿಂಗಳು. ಒಂದೇ "ನೂರಕ್ಕೆ ಎರಡು ರೂಪಾಯಿ", ತಿಂಗಳ ಚಕ್ರಬಡ್ಡಿಗೆ 35 ತಿಂಗಳು, ವರ್ಷದ ಚಕ್ರಬಡ್ಡಿಗೆ ಸುಮಾರು 39 ತಿಂಗಳು, ಸರಳ ಬಡ್ಡಿಗೆ 50 ತಿಂಗಳು. ಪತ್ರ ಬರೆಯೋ ಮುಂಚೆ ಇದನ್ನ ಬಾಯಿಬಿಟ್ಟು ಕೇಳಲೇಬೇಕು.

ಸರಳ ಬಡ್ಡಿ ವಿಷಯ ಠೇವಣಿಯಲ್ಲೂ ಬರತ್ತೆ, ಅಲ್ಲಿ ಜನಕ್ಕೆ ಗೊತ್ತೇ ಆಗಲ್ಲ. ನಮ್ಮ ಪರಿಚಯದ ರಿಟೈರ್ಡ್ ಮೇಷ್ಟ್ರೊಬ್ರು 8%ಗೆ 5 ಲಕ್ಷ ಇಟ್ಟು ಬಡ್ಡಿನ ತಿಂಗಳು ತಿಂಗಳೂ ಖರ್ಚಿಗೆ ತಗೊಳ್ತಿದ್ರು, 3,333 ರೂಪಾಯಿ. ಒಂಬತ್ತು ವರ್ಷಕ್ಕೆ ಡಬಲ್ ಅಂತ ಯಾರೋ ಹೇಳಿದ್ದನ್ನ ನಂಬ್ಕೊಂಡು ಮಗಳ ಮನೆಗೆ 10 ಲಕ್ಷ ಕೊಡ್ತೀನಿ ಅಂತ ಮಾತೂ ಕೊಟ್ಟಿದ್ರು. ನಾನು ಅವರ ಎದುರೇ ಕೂತು ಕೂಡಿಸಿ ತೋರಿಸ್ದೆ, ಕೈಗೆ ಬಂದಿದ್ದು ಒಟ್ಟು 3.6 ಲಕ್ಷ, ಅದು ಮನೆಖರ್ಚಿಗೆ ಹೋಗಿದೆ, ಪಾಸ್‌ಬುಕ್‌ನಲ್ಲಿ ಅಸಲು 5 ಲಕ್ಷ ಹಾಗೇ ಇದೆ. ಅವರ ಮುಖ ನೋಡೋಕಾಗ್ಲಿಲ್ಲ. ಬಡ್ಡಿ ಅಸಲಿಗೆ ಸೇರದೆ ಹೊರಗೆ ಬಂದ್ರೆ ಈ ಲೆಕ್ಕ ಹಾಕೋ ಹಾಗೇ ಇಲ್ಲ ಸರ್.

ಇನ್ನೊಂದು ಕಡೆ ಎಡವೋದು ಮ್ಯೂಚುವಲ್ ಫಂಡ್‌ನಲ್ಲಿ, "ಆವರೇಜ್ 12%, ಅಂದ್ರೆ ಆರು ವರ್ಷಕ್ಕೆ ಡಬಲ್" ಅಂತಾರೆ. ಒಂದು ವರ್ಷ 40% ಏರಿ ಮರುವರ್ಷ 16% ಬಿದ್ರೆ ಎರಡನ್ನೂ ಕೂಡಿ ಎರಡರಿಂದ ಭಾಗಿಸಿದ್ರೆ 12%ನೇ ಬರತ್ತೆ. ಆದ್ರೆ 1 ಲಕ್ಷ ಮೊದಲು 1,40,000 ಆಗಿ ಆಮೇಲೆ 1,17,600ಕ್ಕೆ ಇಳಿಯತ್ತೆ, ಇದೇ ಥರ ಆರು ವರ್ಷ ನಡೆದ್ರೆ ಕೈಯಲ್ಲಿರೋದು 1.63 ಲಕ್ಷ. ಅಲ್ಲಿ 72ನ್ನ ಭಾಗಿಸಬೇಕಾಗಿರೋದು ಆವರೇಜ್‌ನಿಂದ ಅಲ್ಲ, ಸಿಎಜಿಆರ್ ಅಂತ ಚಕ್ರಬಡ್ಡಿ ಲೆಕ್ಕದ ವಾರ್ಷಿಕ ದರ ಕೊಟ್ಟಿರ್ತಾರಲ್ಲ ಅದರಿಂದ, ಈ ಉದಾಹರಣೆಯಲ್ಲಿ ಅದು ಸುಮಾರು 8.4%, ಡಬಲ್ ಆಗೋಕೆ ಎಂಟೂವರೆ ವರ್ಷ.

ಅನುಮಾನ ಬಂದ್ರೆ ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಇದನ್ನ ಟೈಪ್ ಮಾಡಿ:

```
=NPER(24%,0,-1,2)
```

3.22 ಬರತ್ತೆ. 24%ರ ಜಾಗದಲ್ಲಿ 2% ಹಾಕಿದ್ರೆ 35, ಅದನ್ನ ತಿಂಗಳು ಅಂತ ಓದ್ಕೊಳ್ಳಿ. ನಿಮ್ಮ ಕೈಸಾಲದ ಬಡ್ಡಿ ಯಾವಾಗ ಸೇರಿಸ್ತಾರೆ ಅಂತ ಕೇಳ್ಕೊಂಡು ಇಲ್ಲಿ ಹಾಕಿದ್ರೆ ಪೂರ್ತಿ ಲೆಕ್ಕ ಮಾಡಿ ಹೇಳ್ತೀನಿ.