ನಾಲ್ಕು ಸಂಖ್ಯೆಗೆ ಐದನೇ ಹೋಲಿಕೆ ಯಾಕೆ?

ಪುಣೆಯ ಕಾಲೇಜ್ ಲ್ಯಾಬಿನಲ್ಲಿ ನಾಲ್ಕು ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವ ಸರ್ಕ್ಯೂಟ್ ಮಾಡಿದೆ, ನಾಲ್ಕೇ ಹೋಲಿಕೆ. 4,3,2,1 ಕೊಟ್ಟರೆ ಸರಿ. 1,3,2,4 ಹಾಗೇ ಹೊರಬರುತ್ತದೆ. ಯಾಕೆ?

ಕೊನೆಯ ಹೋಲಿಕೆ ಬಿಟ್ಟಿದ್ದೀರಿ. ತಂತಿಗಳು 0ರಿಂದ 3 ಎಂದುಕೊಳ್ಳಿ. ಚಿಕ್ಕದು ಯಾವಾಗಲೂ ಮೇಲಿನ ತಂತಿಗೆ. ಮೊದಲ ಹಂತದಲ್ಲಿ 0-1, 2-3 ತಂತಿಗಳ ಹೋಲಿಕೆ ಒಟ್ಟಿಗೆ. ಎರಡನೆಯದರಲ್ಲಿ 0-2, 1-3. ಇಷ್ಟಕ್ಕೆ ಅತಿ ಚಿಕ್ಕದು ಮೇಲೆ, ಅತಿ ದೊಡ್ಡದು ಕೆಳಗೆ ಕೂತಿರುತ್ತದೆ. ನಡುವಿನ ಎರಡರ ಜಗಳ ಬಗೆಹರಿದಿಲ್ಲ, ಅದಕ್ಕೇ ಮೂರನೇ ಹಂತದಲ್ಲಿ 1-2 ಹೋಲಿಕೆ. ನಿಮ್ಮ 4,3,2,1 ಅದೃಷ್ಟಕ್ಕೆ ಪಾಸಾಯಿತು.

ಪರೀಕ್ಷೆಗೆ 0 ಮತ್ತು 1ರ 16 ಸಾಲು ಸಾಕು. ಅವೆಲ್ಲ ಸರಿಯಾದರೆ ಯಾವ ಸಂಖ್ಯೆ ಕೊಟ್ಟರೂ ಸರಿ. ಈಗ 0101 ಸಹ ಬದಲಾಗದೆ ಹೊರಬರುತ್ತದೆ, ನೋಡಿ.

ಹಂತಹಂತಕ್ಕೆ ರಿಜಿಸ್ಟರ್ ಇಡುವುದಾದರೆ, ಮೂರನೇ ಹಂತದಲ್ಲಿ ಸುಮ್ಮನಿರುವ 0 ಮತ್ತು 3ನೇ ತಂತಿಗೂ ಇಡಿ. ಇಲ್ಲದಿದ್ದರೆ ಒಂದು ಕ್ಲಾಕ್ ಹಿಂದಿನ ಸಂಖ್ಯೆಗಳ ಜತೆ ಮುಂದಿನವು ಬೆರೆಯುತ್ತವೆ.